ಸ್ವಿಚ್ ಆರಿದಾಗಲೂ ದೀಪದೊಳಗೆ ಕರೆಂಟು

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರ ಇಂಥ ಕಡೆಯ ಹಳೆಯ ಮನೆಗಳಲ್ಲಿ ವೈಫೈ ಸ್ವಿಚ್ ಹಾಕಿಸಲು ಹೊರಟರೆ ಕೆಲಸ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ: "ಇಲ್ಲಿ ನ್ಯೂಟ್ರಲ್ ಇಲ್ರಿ ಸರ." ವೈರ್‌ಮನ್ ಪ್ಲೇಟು ಬಿಚ್ಚಿ ತೋರಿಸುತ್ತಾರೆ. ಪೆಟ್ಟಿಗೆಯೊಳಗೆ ಎರಡೇ ವೈರು. ಕೈಯಲ್ಲಿರುವ ವೈಫೈ ಮಾಡ್ಯೂಲಿನ ಮೇಲೆ ಫೇಸ್, ನ್ಯೂಟ್ರಲ್, ದೀಪ ಎಂದು ಮೂರು ಗುರುತುಗಳಿವೆ. ಆ ಮೂರನೆಯ ವೈರು ಎಲ್ಲಿಂದ ತರಬೇಕು?

ಮೊದಲು ಸಮಾಧಾನದ ಸಂಗತಿ. ನಮ್ಮ ಮನೆಗಳ ದೊಡ್ಡ ಬೋರ್ಡುಗಳಲ್ಲಿ ಸ್ವಿಚ್‌ಗಳ ಜೊತೆಗೆ ಪ್ಲಗ್ ಹಾಕುವ ಸಾಕೆಟ್ಟೂ ಇರುತ್ತದೆ. ನ್ಯೂಟ್ರಲ್ ಇಲ್ಲದೆ ಸಾಕೆಟ್ ನಡೆಯುವುದೇ ಇಲ್ಲ, ಹಾಗಾಗಿ ಅಂಥ ಬೋರ್ಡಿನೊಳಗೆ ನ್ಯೂಟ್ರಲ್ ಇದ್ದೇ ಇರುತ್ತದೆ. ತೊಂದರೆ ಬರುವುದು ಒಂಟಿ ಸ್ವಿಚ್‌ಗಳಿರುವ ಕಡೆ: ಅಂಗಳದ ದೀಪ, ಜಿನೆಯ ದೀಪ, ಬಚ್ಚಲಮನೆಯ ಹೊರಗಿನ ಸ್ವಿಚ್. ಇಂಥಲ್ಲಿ ನ್ಯೂಟ್ರಲ್ ಮೇಲಿನಿಂದ ನೇರವಾಗಿ ದೀಪಕ್ಕೆ ಹೋಗಿರುತ್ತದೆ. ಫೇಸ್ ಮಾತ್ರ ಗೋಡೆಯಲ್ಲಿ ಇಳಿದು ಸ್ವಿಚ್ಚಿಗೆ ಬಂದು, ಇನ್ನೊಂದು ವೈರಿನಲ್ಲಿ ಮತ್ತೆ ದೀಪಕ್ಕೆ ಏರುತ್ತದೆ. ಇದು ತಪ್ಪಾದ ವೈರಿಂಗ್ ಅಲ್ಲ. ಸಾಮಾನ್ಯ ಸ್ವಿಚ್ಚಿಗೆ ತನಗೆಂದು ಕರೆಂಟು ಬೇಕಿಲ್ಲ. ದಾರಿಯನ್ನು ಕೂಡಿಸುವುದು, ಕಡಿಯುವುದು ಇಷ್ಟೇ ಅದರ ಕೆಲಸ. ಅದಕ್ಕೆ ಎರಡು ವೈರು ಸಾಕು.

ವೈಫೈ ಸ್ವಿಚ್ಚಿಗೆ ಸಾಲುವುದಿಲ್ಲ. ಅದರೊಳಗೊಂದು ಪುಟ್ಟ ರೇಡಿಯೋ ಇದೆ, ದೀಪ ಆರಿದ್ದಾಗಲೂ ರೂಟರ್‌ನ ಮಾತಿಗೆ ಕಿವಿಗೊಟ್ಟು ಎಚ್ಚರವಾಗಿರುತ್ತದೆ. ಆ ಚಿಪ್ಪಿಗೆ 3.3 ವೋಲ್ಟಿನಲ್ಲಿ ಸರಾಸರಿ 80 ಮಿಲಿಆಂಪಿಯರ್ ಆಸುಪಾಸು ಬೇಕು, ಅಂದರೆ ಕಾಲು ವ್ಯಾಟ್. 230 ವೋಲ್ಟನ್ನು ಇಳಿಸುವಾಗ ಆಗುವ ನಷ್ಟವನ್ನೂ ಸೇರಿಸಿ ಅರ್ಧ ವ್ಯಾಟ್ ಎಂದುಕೊಳ್ಳೋಣ. ಮನೆಯ ಲೈನಿನಿಂದ ಅದು ಎಳೆಯುವುದು 2ರಿಂದ 3 ಮಿಲಿಆಂಪಿಯರ್. ಬಲು ಸಣ್ಣ ಮೊತ್ತ, ಆದರೆ ದಿನದ 24 ಗಂಟೆಯೂ ಬೇಕು. ಫೇಸಿನಿಂದ ಬಂದ ಕರೆಂಟು ನ್ಯೂಟ್ರಲ್ ಸೇರಿದರೆ ಮಾತ್ರ ಹರಿಯುತ್ತದೆ. ನ್ಯೂಟ್ರಲ್ ಇಲ್ಲದ ಪೆಟ್ಟಿಗೆಯಿಂದ ನ್ಯೂಟ್ರಲ್ ಕಡೆಗೆ ಇರುವ ದಾರಿ ಒಂದೇ, ದೀಪದ ಮೂಲಕ.

ಈ ದಾರಿಯೇ ಅನೇಕರನ್ನು ಮೋಸಗೊಳಿಸುತ್ತದೆ. ಸ್ವಿಚ್ ಆರಿಸಿ, ಪೆಟ್ಟಿಗೆಯ ಎರಡು ವೈರುಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಅದು 230 ವೋಲ್ಟ್ ತೋರಿಸುತ್ತದೆ. ಅದರಲ್ಲೂ ಎರಡನೆಯ ವೈರು ಕಪ್ಪಗಿದ್ದರೆ ಇದೇ ನ್ಯೂಟ್ರಲ್ ಎಂದು ಯಾರಿಗಾದರೂ ಅನಿಸೀತು. ಆದರೆ ಮೀಟರು ನೋಡುತ್ತಿರುವುದು ದೀಪದ ಆಚೆ ಇರುವ ನ್ಯೂಟ್ರಲನ್ನು. ಈ ವೈರನ್ನೇ ಮಾಡ್ಯೂಲಿನ ನ್ಯೂಟ್ರಲ್ ಗುರುತಿಗೂ ದೀಪದ ಗುರುತಿಗೂ ಸೇರಿಸಿದರೆ ಮಾಡ್ಯೂಲು ಎಚ್ಚರಗೊಳ್ಳುತ್ತದೆ, ಫೋನಿನಲ್ಲೂ ಕಾಣಿಸುತ್ತದೆ. ದೀಪ ಹಚ್ಚು ಎಂದ ತಕ್ಷಣ ರಿಲೇ ಎರಡೂ ವೈರುಗಳನ್ನು ಕೂಡಿಸುತ್ತದೆ. ಕೂಡಿದ ಎರಡು ವೈರುಗಳ ನಡುವೆ ವೋಲ್ಟೇಜ್ ಉಳಿಯುವುದಿಲ್ಲವಾದ್ದರಿಂದ ಮಾಡ್ಯೂಲಿಗೆ ಕರೆಂಟು ತಪ್ಪುತ್ತದೆ. ಅದು ನಿದ್ದೆಹೋದಾಗ ರಿಲೇ ಬಿಡುತ್ತದೆ, ಕರೆಂಟು ಮರಳಿ ಬರುತ್ತದೆ, ಮಾಡ್ಯೂಲು ಮತ್ತೆ ಏಳುತ್ತದೆ. ಗೋಡೆಯೊಳಗೆ ಟಕ್ ಟಕ್ ಸದ್ದು ಕೇಳಿಸಿ, ದೀಪ ಹತ್ತಿ ಆರತೊಡಗಿದರೆ ಆಗಿರುವುದು ಇದೇ.

ಅನುಮಾನ ಬಗೆಹರಿಸಿಕೊಳ್ಳುವ ವಿಧಾನ ಸರಳ. ಹೋಲ್ಡರಿನಿಂದ ಬಲ್ಬ್ ಕಳಚಿ ಅದೇ ಎರಡು ವೈರುಗಳನ್ನು ಮತ್ತೆ ಅಳೆಯಬೇಕು. ಅಸಲಿ ನ್ಯೂಟ್ರಲ್ ಆಗಿದ್ದರೆ 230 ಹಾಗೆಯೇ ಇರುತ್ತದೆ. ದೀಪಕ್ಕೆ ಹೋಗುವ ವೈರಾಗಿದ್ದರೆ ಅಂಕಿ ಕುಸಿಯುತ್ತದೆ. ಡಿಜಿಟಲ್ ಮೀಟರಿನಲ್ಲಿ ಪೂರ್ತಿ ಸೊನ್ನೆಯಾಗದೆ ಹತ್ತಾರು ವೋಲ್ಟ್ ಉಳಿಯಬಹುದು, ಅದು ಪಕ್ಕದ ವೈರಿನ ಪ್ರಭಾವ. ಇದು ಕರೆಂಟು ಇರುವಾಗಲೇ ಮಾಡಬೇಕಾದ ಅಳತೆಯಾದ್ದರಿಂದ ಪರವಾನಗಿ ಇರುವ ವೈರ್‌ಮನ್ ಕೈಯಿಂದಲೇ ಮಾಡಿಸಬೇಕು. ವೈರು ಬಿಚ್ಚುವ, ಜೋಡಿಸುವ ಕೆಲಸವೆಲ್ಲ ಮೇನ್ ಆಫ್ ಆದಮೇಲೆ, ಆಫ್ ಆಗಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ.

ನ್ಯೂಟ್ರಲ್ ಬೇಡದ ಮಾಡ್ಯೂಲುಗಳೂ ಮಾರುಕಟ್ಟೆಯಲ್ಲಿವೆ. ಅವು ಮೇಲೆ ಹೇಳಿದ ಬಿಕ್ಕಟ್ಟನ್ನು ಎರಡು ಉಪಾಯಗಳಿಂದ ದಾಟುತ್ತವೆ. ದೀಪ ಆರಿದ್ದಾಗ ತಮಗೆ ಬೇಕಾದ ಎರಡು–ಮೂರು ಮಿಲಿಆಂಪಿಯರನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತವೆ. ದೀಪ ಹತ್ತಿದ್ದಾಗ ದಾರಿಯನ್ನು ಪೂರ್ತಿ ಕೂಡಿಸದೆ ಕ್ಷಣಮಾತ್ರ ತಡೆಯುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ, ಅಂದರೆ ಪ್ರತಿ ಅರ್ಧ ಆವರ್ತಕ್ಕೆ 10 ಮಿಲಿಸೆಕೆಂಡು. ವೋಲ್ಟೇಜು ಸೊನ್ನೆಯಿಂದ ಏರತೊಡಗಿ 20 ವೋಲ್ಟ್ ಮುಟ್ಟಲು ಸುಮಾರು 0.2 ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ಮಾಡ್ಯೂಲು ತನ್ನ ಪಾಲು ಪಡೆದು, ಉಳಿದ 9.8 ಮಿಲಿಸೆಕೆಂಡು ದಾರಿ ಬಿಟ್ಟುಕೊಡುತ್ತದೆ. ಕಣ್ಣಿಗೆ ಇದು ಗೊತ್ತೇ ಆಗುವುದಿಲ್ಲ.

ಹಳೆಯ 60 ವ್ಯಾಟಿನ ಬುರುಡೆ ಬಲ್ಬಿದ್ದ ಕಾಲಕ್ಕೆ ಇಷ್ಟು ಸಾಕಾಗುತ್ತಿತ್ತು. ತಣ್ಣಗಿರುವ ಅದರ ತಂತಿಯ ರೋಧ ನೂರು ಓಮ್‌ಗಿಂತ ಕಡಿಮೆ. 3 ಮಿಲಿಆಂಪಿಯರ್ ಹರಿದರೆ ಬಲ್ಬಿಗೆ ಬೀಳುವುದು ಒಂದು ವೋಲ್ಟಿಗಿಂತ ಬಹಳ ಕಡಿಮೆ, ತಂತಿ ಬೆಚ್ಚಗೂ ಆಗದು. ಈಗ ಅಂಗಳದಲ್ಲಿರುವುದು 9 ವ್ಯಾಟಿನ ಎಲ್‌ಇಡಿ. ಅದರ ಒಳಗೆ ಕರೆಂಟನ್ನು ಕೂಡಿಡುವ ಕೆಪಾಸಿಟರ್ ಇದೆ. ಸಣ್ಣ ಹರಿವೂ ಅಲ್ಲಿ ಜಮೆಯಾಗುತ್ತ ಹೋಗಿ, ಒಂದು ಮಟ್ಟ ತಲುಪಿದೊಡನೆ ಬಲ್ಬ್ ಮಿಣುಕುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಕೆಂಪು ಇಂಡಿಕೇಟರ್ ಇರುವ ಸಾದಾ ಸ್ವಿಚ್ಚಿಗೆ ಎಲ್‌ಇಡಿ ಹಾಕಿದಾಗ ರಾತ್ರಿ ಅದು ಎರಡು–ಮೂರು ಸೆಕೆಂಡಿಗೊಮ್ಮೆ ಮಿಂಚುವುದನ್ನು ನೋಡಿದವರು ಹಲವರಿದ್ದಾರೆ. ಕಾರಣ ಇದೇ. ಇಂಡಿಕೇಟರಿನ ಮೂಲಕ ಹರಿಯುವುದು ಒಂದು ಮಿಲಿಆಂಪಿಯರಿಗಿಂತ ಕಡಿಮೆ. ವೈಫೈ ಸ್ವಿಚ್ಚಿನ ಹರಿವು ಅದಕ್ಕಿಂತ ಹೆಚ್ಚಾದ್ದರಿಂದ ಮಿಣುಕು ಇನ್ನೂ ಬೇಗಬೇಗ ಆಗುತ್ತದೆ. ದೀಪ ಹತ್ತಿದ್ದಾಗಲೂ ತೊಂದರೆ ತಪ್ಪದು. ಎಲ್‌ಇಡಿ ಬಲ್ಬ್ ವೋಲ್ಟೇಜು ಶಿಖರದ ಹತ್ತಿರ ಇದ್ದಾಗ ಮಾತ್ರ ಕರೆಂಟು ತೆಗೆದುಕೊಳ್ಳುತ್ತದೆ, ಸ್ವಿಚ್ಚು ತನ್ನ ಪಾಲು ಬಯಸುವುದು ಸೊನ್ನೆಯ ಹತ್ತಿರ. ಇಬ್ಬರ ಹೊತ್ತು ಕೂಡಿಬರುವುದಿಲ್ಲ. ಬೆಳಕು ನಡುಗುತ್ತದೆ, ಮಾಡ್ಯೂಲು ಆಗಾಗ ವೈಫೈಯಿಂದ ಕಳಚಿಕೊಳ್ಳುತ್ತದೆ.

ಇದಕ್ಕೆ ಪರಿಹಾರವಾಗಿ ಮಾಡ್ಯೂಲಿನ ಡಬ್ಬಿಯಲ್ಲೇ ಎರಡು ಕಾಲಿನ ಸಣ್ಣ ಬಿಡಿಭಾಗವೊಂದನ್ನು ಕೊಟ್ಟಿರುತ್ತಾರೆ ಅಥವಾ ಬೇರೆಯಾಗಿ ಮಾರುತ್ತಾರೆ. ಬೈಪಾಸ್ ಎನ್ನುವ ಇದರ ಒಳಗಿರುವುದು ಮುಖ್ಯವಾಗಿ ಒಂದು ಕೆಪಾಸಿಟರ್. ಇದು ದೀಪಕ್ಕೆ ಪಕ್ಕದ ದಾರಿ. ಉದಾಹರಣೆಗೆ 0.47 ಮೈಕ್ರೋಫ್ಯಾರಡ್ ಎಂದುಕೊಂಡರೆ, 50 ಆವರ್ತದಲ್ಲಿ ಅದು ಒಡ್ಡುವ ತಡೆ ಸುಮಾರು 6,800 ಓಮ್. ಅದರ ಮೂಲಕ 3 ಮಿಲಿಆಂಪಿಯರ್ ಹರಿದಾಗ ದೀಪದ ಎರಡು ತುದಿಗಳ ನಡುವೆ ಬೀಳುವುದು ಸುಮಾರು 20 ವೋಲ್ಟ್. ಅಷ್ಟಕ್ಕೆ ಎಲ್‌ಇಡಿ ಏಳುವುದಿಲ್ಲ, ಆರಿದ ದೀಪ ನಿಜಕ್ಕೂ ಆರಿರುತ್ತದೆ. ದೀಪ ಹತ್ತಿದ್ದಾಗ ಇದರ ಇನ್ನೊಂದು ಗುಣ ಕೈಹಿಡಿಯುತ್ತದೆ. ಕೆಪಾಸಿಟರಿನಲ್ಲಿ ಹರಿಯುವ ಕರೆಂಟು ವೋಲ್ಟೇಜು ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಅವಲಂಬಿಸಿರುತ್ತದೆ. ವೋಲ್ಟೇಜು ಅತಿ ವೇಗವಾಗಿ ಬದಲಾಗುವುದು ಸೊನ್ನೆಯನ್ನು ದಾಟುವಾಗ. ಎಲ್‌ಇಡಿ ಏನನ್ನೂ ಎಳೆಯದ ಆ ಗಳಿಗೆಯಲ್ಲೇ ಬೈಪಾಸ್ ಹೆಚ್ಚು ಹರಿಸುತ್ತದೆ, ಮಾಡ್ಯೂಲಿಗೆ ಬೇಕಾದ್ದೂ ಆಗಲೇ. ಇದರಿಂದ ಮನೆಯ ಮೀಟರು ಹೆಚ್ಚು ಓಡುವುದಿಲ್ಲ. ಆದರ್ಶ ಕೆಪಾಸಿಟರು ಪಡೆದದ್ದನ್ನು ಮರಳಿ ಕೊಡುತ್ತದೆ.

ಬೈಪಾಸನ್ನು ಎಲ್ಲಿ ಹಾಕಬೇಕು ಎಂಬಲ್ಲಿ ತಪ್ಪಾಗುವುದು ಹೆಚ್ಚು. ಅದರ ಜಾಗ ದೀಪದ ಹತ್ತಿರ, ಹೋಲ್ಡರಿನ ಎರಡು ಸ್ಕ್ರೂಗಳಿಗೆ, ಬಲ್ಬಿಗೆ ಸಮಾನಾಂತರವಾಗಿ. ಗೋಡೆಯ ಪೆಟ್ಟಿಗೆಯಲ್ಲಿ ಸ್ವಿಚ್ಚಿನ ಎರಡು ವೈರುಗಳ ನಡುವೆ ಹಾಕಿದರೆ ಪರಿಣಾಮ ತಿರುವುಮುರುವಾಗುತ್ತದೆ. ಸ್ವಿಚ್ಚು ಆರಿದ್ದಾಗಲೂ ಮತ್ತಷ್ಟು ಕರೆಂಟು ದೀಪಕ್ಕೆ ಸೋರಿ ಮಿಣುಕು ಹೆಚ್ಚುತ್ತದೆ. ಕಂಪನಿ ಕೊಟ್ಟ ಬೈಪಾಸೇ ಇರಲಿ. ಬದಲಿಗೆ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು ಸಲ್ಲದು, ಅದರ ಮೌಲ್ಯ ನಾವು ಲೆಕ್ಕಕ್ಕೆ ಹಿಡಿದದ್ದರ ಐದು ಪಟ್ಟಿಗಿಂತ ಹೆಚ್ಚು. ಇಂಥ ಮಾಡ್ಯೂಲಿಗೆ ಫ್ಯಾನು, ಚೋಕ್ ಇರುವ ಟ್ಯೂಬ್‌ಲೈಟುಗಳನ್ನೂ ಜೋಡಿಸಬಾರದು. ಅದರ ಕಾಗದದಲ್ಲಿ ಬರೆದ ದೀಪದ ವ್ಯಾಟು ಮಿತಿಯನ್ನೇ ಪಾಲಿಸಬೇಕು.

ಇಷ್ಟೆಲ್ಲ ಯಾಕೆ ಎನ್ನುವವರು ಸೂಚಿಸುವ ಅಡ್ಡದಾರಿ ಒಂದಿದೆ: "ಹಸಿರು ವೈರಿಗೆ ಹಚ್ಚಿಬಿಡ್ಲೇನ್ರಿ? ಮಸ್ತ್ ನಡೀತದ." ಹೌದು, ನಡೆಯುತ್ತದೆ. ಅದೇ ಅದರ ಅಪಾಯ. ಅರ್ಥಿಂಗ್ ವೈರಿಗೆ ಜೋಡಿಸಿದ ಮಾಡ್ಯೂಲಿನ 3 ಮಿಲಿಆಂಪಿಯರ್ ಸೋರಿಕೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೀಳುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಂಥ ನಾಲ್ಕೈದು ಸೇರಿದರೆ ಆಗ ಕಾರಣವಿಲ್ಲದೆ ಬೀಳತೊಡಗಬಹುದು. ಇನ್ನು ಅರ್ಥಿಂಗಿನ ಸ್ಥಿತಿ ನೋಡಿ. ಎರೆಮಣ್ಣಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥಿಂಗ್ ಗುಂಡಿಗೆ ನೀರು ಹಾಕುವವರಿಲ್ಲದಿದ್ದರೆ ಅದರ ರೋಧ ಏರುತ್ತದೆ. ಹಳೆಯ ಜೋಡಣೆ ತುಕ್ಕು ಹಿಡಿದು ಕಡಿದೇ ಹೋಗಿರಬಹುದು. ಆಗ ಮಾಡ್ಯೂಲಿಗೆ ಬಂದ ಫೇಸು ಅದರೊಳಗಿನ ದಾರಿ ಹಿಡಿದು ಹಸಿರು ವೈರಿಗೆ, ಅಲ್ಲಿಂದ ಅದೇ ವೈರಿಗೆ ಸೇರಿದ ಫ್ರಿಜ್, ಗೀಸರ್, ವಾಷಿಂಗ್ ಮಷಿನ್‌ಗಳ ಮೈಗೆ ಬರುತ್ತದೆ. ಮೈಯನ್ನು ಕಾಯಲೆಂದು ಎಳೆದ ವೈರೇ ಮೈಗೆ ಕರೆಂಟು ತರುತ್ತದೆ. ಈ ಜೋಡಣೆಯನ್ನು ಯಾವ ಕಾರಣಕ್ಕೂ ಒಪ್ಪಬಾರದು. ಬೇರೆ ಎಂಸಿಬಿಯ ಅಥವಾ ಇನ್ವರ್ಟರ್ ಲೈನಿನ ನ್ಯೂಟ್ರಲನ್ನು ಎರವಲು ತರುವುದೂ ಬೇಡ. ಆ ಸಾಲಿನ ಎಂಸಿಬಿ ಆರಿಸಿದ ಮೇಲೂ ನ್ಯೂಟ್ರಲ್ ವೈರಿನಲ್ಲಿ ಕರೆಂಟು ಉಳಿದಿರಬಹುದು.

ಹಳೆಯ ಮನೆಯ ಅಂಗಳದ ದೀಪಕ್ಕೆ ಮರಳಿದರೆ, ಆಯ್ಕೆಯ ಕ್ರಮ ಹೀಗಿರಬೇಕು. ಪೈಪಿನಲ್ಲಿ ಜಾಗವಿದ್ದರೆ ದೀಪದ ಕಡೆಯಿಂದ ಅದೇ ಸಾಲಿನ ನ್ಯೂಟ್ರಲ್ ವೈರೊಂದನ್ನು ಪೆಟ್ಟಿಗೆಗೆ ಎಳೆಸುವುದು ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ಯಾವ ಮಾಡ್ಯೂಲೂ ನಡೆಯುತ್ತದೆ, ಯಾವ ಬಲ್ಬೂ ನಡೆಯುತ್ತದೆ. ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ಎಳೆದ ಹಳೆಯ ವೈರಿಂಗ್ ಆಗಿದ್ದು ಹೊಸ ವೈರು ಸೇರಿಸಲು ಆಗದಿದ್ದರೆ ನ್ಯೂಟ್ರಲ್ ಬೇಡದ ಮಾಡ್ಯೂಲು, ಜೊತೆಗೆ ಹೋಲ್ಡರಿನಲ್ಲಿ ಬೈಪಾಸ್. ಹಾಕುವ ಮುನ್ನ ಪೆಟ್ಟಿಗೆಯ ಬಳಿ ಫೋನು ಹಿಡಿದು 2.4 ಗಿಗಾಹರ್ಟ್ಜ್ ವೈಫೈ ಚೆನ್ನಾಗಿ ಸಿಗುತ್ತದೆಯೇ ನೋಡಿ, ಯಾಕೆಂದರೆ ಕಲ್ಲುಗೋಡೆ ಮತ್ತು ಕಬ್ಬಿಣದ ಪೆಟ್ಟಿಗೆ ಎರಡೂ ಸಿಗ್ನಲನ್ನು ನುಂಗುತ್ತವೆ. ಹಾಕಿದ ಮೇಲೆ ಅದೇ ರಾತ್ರಿ ಕತ್ತಲಲ್ಲಿ ಆರಿದ ಬಲ್ಬನ್ನು ನೋಡಬೇಕು, ಮಿಣುಕಿನ ಸುಳಿವೂ ಇರಬಾರದು. ಹತ್ತಿಸಿ ಒಂದು ಗಂಟೆ ಬಿಟ್ಟು ಪ್ಲೇಟು ಮುಟ್ಟಿದರೆ ತುಸು ಬೆಚ್ಚಗಿರಬಹುದು, ಬಿಸಿಯಾಗಿರಬಾರದು. ಮರುದಿನವೂ ಫೋನಿನಲ್ಲಿ ಕಳಚಿಕೊಳ್ಳದೆ ನಿಂತಿದ್ದರೆ ಕೆಲಸ ಸರಿಯಾಗಿದೆ. ಮುಂದೆ ಯಾವತ್ತಾದರೂ ಬಲ್ಬ್ ಬದಲಿಸಿದರೆ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಎರಡು ವೈರಿನ ಸ್ವಿಚ್ಚು ಜೀವ ಹಿಡಿದಿರುವುದು ಆ ಬಲ್ಬಿನ ಮೂಲಕವೇ; ಬಲ್ಬ್ ಬದಲಾದರೆ ಅದರ ದಾರಿಯೂ ಬದಲಾಗುತ್ತದೆ.