ಮೂರು ವರ್ಷ ಕೆಲಸ, ಅನುಭವ ಎಷ್ಟು ವರ್ಷ?

ಅಮೆಜಾನ್‌ನ ಕ್ಲೌಡ್ ವಿಭಾಗವಾದ ಎಡಬ್ಲ್ಯುಎಸ್ ನಡೆಸುವ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪರೀಕ್ಷೆಗೆ ಎರಡು ಮೆಟ್ಟಿಲು: ಅಸೋಸಿಯೇಟ್ ಮತ್ತು ಪ್ರೊಫೆಷನಲ್. ಮೊದಲನೆಯದು ಪಾಸಾಗದೆ ಎರಡನೆಯದನ್ನು ಬರೆಯುವಂತಿಲ್ಲ ಎಂಬ ನಿಯಮ 2018ರಲ್ಲೇ ಹೋಯಿತು. ಒಂದು ವರ್ಷ ಕೈಯಾರೆ ಕೆಲಸ ಮಾಡಿದವರಿಗೆ ಅಸೋಸಿಯೇಟ್, ಎರಡು ವರ್ಷ ದಾಟಿದವರಿಗೆ ಪ್ರೊಫೆಷನಲ್ ಎನ್ನುವುದು ಕಂಪನಿಯ ಸಲಹೆ ಮಾತ್ರ. ಹಾಗಾಗಿ ಮೂರು ವರ್ಷ ದುಡಿದವರು ನೇರವಾಗಿ ಮೇಲಿನ ಮೆಟ್ಟಿಲಿಗೇ ಕಾಲು ಚಾಚುತ್ತಾರೆ.

ಎಡವುವುದು ಆ ಮೂರು ವರ್ಷದ ಲೆಕ್ಕದಲ್ಲಿ. ರಾತ್ರಿ ಪಾಳಿಯಲ್ಲಿ ಅಲರ್ಟ್ ನೋಡುತ್ತಾ, ಸರ್ವರ್ ರೀಸ್ಟಾರ್ಟ್ ಮಾಡಿ, ಟಿಕೆಟ್ ಮುಚ್ಚಿದವರಿಗೂ ಮೂರು ವರ್ಷ ಆಗಿರುತ್ತದೆ. ಸಣ್ಣ ಕಂಪನಿಯೊಂದರಲ್ಲಿ ನೆಟ್‌ವರ್ಕ್ ತಾನೇ ಕಟ್ಟಿ, ಬಿಲ್ ಏರಿದಾಗ ಕಾರಣ ಹುಡುಕಿದವರಿಗೆ ಒಂದೂವರೆಯೇ ಇರಬಹುದು. ಪ್ರೊಫೆಷನಲ್‌ಗೆ ಹತ್ತಿರ ಇರುವವರು ಎರಡನೆಯವರು.

ಪ್ರಶ್ನೆಗಳ ಬಗೆ ನೋಡಿದರೆ ಇದು ತಿಳಿಯುತ್ತದೆ. ಇಂಟರ್ನೆಟ್ ಸಂಪರ್ಕವಿಲ್ಲದ ಸರ್ವರ್ ಒಂದು ಎಸ್3ರಲ್ಲಿರುವ ಫೈಲ್‌ಗಳನ್ನು ಕಡಿಮೆ ಖರ್ಚಿನಲ್ಲಿ ಓದಬೇಕು, ದಾರಿ ಯಾವುದು? ಇದು ಅಸೋಸಿಯೇಟ್ ಮಟ್ಟ. ನ್ಯಾಟ್ ಗೇಟ್‌ವೇಗೆ ಗಂಟೆಗೂ ದುಡ್ಡು, ಹಾದುಹೋಗುವ ಪ್ರತಿ ಜಿಬಿಗೂ ದುಡ್ಡು. ಎಸ್3ರ ಗೇಟ್‌ವೇ ಎಂಡ್‌ಪಾಯಿಂಟ್‌ಗೆ ಪ್ರತ್ಯೇಕ ಶುಲ್ಕವಿಲ್ಲ. ಓದಿಕೊಂಡವರು ಉತ್ತರಿಸಬಲ್ಲರು.

ಪ್ರೊಫೆಷನಲ್‌ನಲ್ಲಿ ಅದೇ ನೆಟ್‌ವರ್ಕ್ ವಿಷಯ ಹೀಗೆ ಬರಬಹುದು: ಒಂದು ಕಂಪನಿ ಇನ್ನೊಂದನ್ನು ಕೊಂಡಿದೆ. ಇಬ್ಬರೂ ತಮ್ಮ ನೆಟ್‌ವರ್ಕಿಗೆ 10.0.0.0/16 ವಿಳಾಸವನ್ನೇ ಕೊಟ್ಟಿದ್ದಾರೆ. ಒಬ್ಬರ ಬಿಲ್ಲಿಂಗ್ ಸೇವೆ ಮಾತ್ರ ಇನ್ನೊಬ್ಬರಿಗೆ ಸಿಗಬೇಕು, ವಿಳಾಸ ಬದಲಿಸುವಂತಿಲ್ಲ. ಟ್ರಾನ್ಸಿಟ್ ಗೇಟ್‌ವೇ ಎಂಬ ಉತ್ತರ ಸರಿಯೆಂದೇ ಕಾಣುತ್ತದೆ. ಆದರೆ ಎರಡು ಬೀದಿಗಳಿಗೆ ಒಂದೇ ಹೆಸರು, ಮನೆಗಳಿಗೆ ಒಂದೇ ನಂಬರು ಇದ್ದರೆ ಅಂಚೆಯವನು ಏನು ಮಾಡಿಯಾನು? ಒಂದೇ ಸೇವೆಯನ್ನು ಆಚೆ ಬದಿಗೆ ತೆರೆದಿಡುವ ಪ್ರೈವೇಟ್‌ಲಿಂಕ್ ಇಲ್ಲಿ ಒದಗುತ್ತದೆ. ವಿಳಾಸಗಳು ಒಂದೇ ಆಗಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಇಂಥ ಗೋಜಲನ್ನು ಒಮ್ಮೆ ಬಿಡಿಸಿದವರ ಕಣ್ಣು ಸೀದಾ ಆ 10.0.0.0/16 ಮೇಲೆ ಬೀಳುತ್ತದೆ.

ತಾನು ಎಲ್ಲಿದ್ದೇನೆಂದು ತಿಳಿಯಲು ಅಭ್ಯಾಸ ಪತ್ರಿಕೆಯ ತಪ್ಪುಗಳನ್ನೇ ನೋಡಬೇಕು. ಸೇವೆಯ ಹೆಸರೇ ಗೊತ್ತಿಲ್ಲದೆ ತಪ್ಪಿದ್ದರೆ ಓದು ಸಾಕು. ನಾಲ್ಕರಲ್ಲಿ ಎರಡನ್ನು ಸರಿಯಾಗಿ ತಳ್ಳಿಹಾಕಿ, ಉಳಿದೆರಡರ ನಡುವೆ ಪದೇಪದೇ ಮುಗ್ಗರಿಸುತ್ತಿದ್ದರೆ ಕೊರತೆ ಇರುವುದು ಅನುಭವದಲ್ಲಿ.

ಅಸೋಸಿಯೇಟ್‌ಗೆ ಶುಲ್ಕ 150 ಡಾಲರ್, ಪ್ರೊಫೆಷನಲ್‌ಗೆ 300. ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ರಿಯಾಯಿತಿ ಇರುವುದರಿಂದ ಮೆಟ್ಟಿಲು ಹತ್ತಿಕೊಂಡು ಹೋದವರಿಗೆ ಹೆಚ್ಚು ನಷ್ಟವಿಲ್ಲ. ಸಮಯದ್ದೇ ಪೇಚು: ಪ್ರೊಫೆಷನಲ್‌ನಲ್ಲಿ 180 ನಿಮಿಷಕ್ಕೆ 75 ಪ್ರಶ್ನೆ, ಒಂದೊಂದೂ ಒಂದು ಪ್ಯಾರಾ ಉದ್ದ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಕೇಳಿದರೆ 30 ನಿಮಿಷ ಹೆಚ್ಚು ಸಿಗುತ್ತದೆ, ಆದರೆ ಪರೀಕ್ಷೆ ಬುಕ್ ಮಾಡುವ ಮೊದಲೇ ಖಾತೆಯಲ್ಲಿ ESL +30 ಎಂಬುದನ್ನು ಆರಿಸಿಕೊಂಡಿರಬೇಕು.