ಖಾತೆ ಪುಸ್ತಕದಿಂದ ಗ್ರಾಹಕರ ಅಂಕಪಟ್ಟಿ: ಹಂಗಾಮಿನ ಊರಿನಲ್ಲಿ ಆರ್‌ಎಫ್‌ಎಂ ಲೆಕ್ಕ

ಗ್ರಾಹಕನು ಕೊನೆಯ ಬಾರಿ ಯಾವಾಗ ಖರೀದಿಸಿದನು, ಎಷ್ಟು ಸಲ ಖರೀದಿಸಿದನು, ಒಟ್ಟು ಎಷ್ಟು ಹಣದ ಸರಕು ಒಯ್ದನು ಎಂಬ ಮೂರು ಸಂಗತಿಗಳಿಗೆ ಅಂಕಗಳನ್ನಿಟ್ಟು ಗ್ರಾಹಕರನ್ನು ವಿಂಗಡಿಸುವ ಕ್ರಮಕ್ಕೆ ವಾಣಿಜ್ಯ ವಲಯದಲ್ಲಿ ಆರ್‌ಎಫ್‌ಎಂ ಎಂದು ಹೆಸರು. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ಕಂಪನಿಗಳು ಇದನ್ನು ರೂಢಿಗೆ ತಂದವು. ಪ್ರತಿಯೊಂದು ಸೂಚಿಪುಸ್ತಕಕ್ಕೂ ಮುದ್ರಣ ಮತ್ತು ಅಂಚೆಯ ವೆಚ್ಚ ತಗಲುತ್ತಿದ್ದುದರಿಂದ, ಯಾರಿಗೆ ಕಳುಹಿಸಿದರೆ ಆದೇಶ ಮರಳಿ ಬಂದೀತು ಎಂಬುದನ್ನು ಅವರು ಮೊದಲೇ ಅಂದಾಜು ಮಾಡಬೇಕಾಗಿತ್ತು. ಆರ್ಥರ್ ಹ್ಯೂಸ್ ಅವರು 1994ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇದರ ಸರಳ ರೂಪವು ಹೆಚ್ಚು ಪ್ರಚಾರಕ್ಕೆ ಬಂದಿತು. ಗ್ರಾಹಕರನ್ನು ಪ್ರತಿ ಅಂಶದಲ್ಲಿಯೂ ಸಮನಾದ ಐದು ಪಾಲು ಮಾಡಿ, ಮೇಲಿನ ಪಾಲಿಗೆ 5, ಕೆಳಗಿನ ಪಾಲಿಗೆ 1 ಅಂಕ ಕೊಡುವುದೇ ಆ ರೂಪ.

ಈ ಲೆಕ್ಕವು ವರ್ಷವಿಡೀ ವ್ಯಾಪಾರ ನಡೆಯುವ ಪೇಟೆಗೆ ಹೊಂದುವಂತೆ ರೂಪುಗೊಂಡಿದೆ. ನಮ್ಮ ಭಾಗದ ಬಹುಪಾಲು ವ್ಯಾಪಾರವು ಮಳೆ, ರಾಶಿ ಮತ್ತು ಉದ್ರಿಯನ್ನು ಅನುಸರಿಸಿ ನಡೆಯುವಂಥದ್ದು. ಪುಸ್ತಕದಲ್ಲಿದ್ದಂತೆಯೇ ಅದನ್ನು ಅನ್ವಯಿಸಿದರೆ ರಿಯಾಯಿತಿಯ ಹಣ ತಪ್ಪು ಕೈ ಸೇರುವ ಸಂಭವವೇ ಹೆಚ್ಚು. ಇದನ್ನು ತಿಳಿಯಲು ಅಫಜಲಪುರ ತಾಲ್ಲೂಕಿನ ಘತ್ತರಗಿಯಂತಹ ಊರಿನಲ್ಲಿ ಬೀಜ, ರಸಗೊಬ್ಬರ ಮತ್ತು ಕೀಟನಾಶಕ ಮಾರುವ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಭೀಮಾ ದಂಡೆಯ ನೀರಾವರಿ ಜಮೀನಿನಲ್ಲಿ ಕಬ್ಬು, ಒಣ ಬೇಸಾಯದ ಜಮೀನಿನಲ್ಲಿ ತೊಗರಿ. ಅಂಗಡಿಯಲ್ಲಿ 300 ಖಾತೆಗಳಿವೆ. 2022ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಮೂರು ವರ್ಷಗಳ ಬಿಲ್ಲುಗಳು ಗಣಕದಲ್ಲಿವೆ. ಕೆಳಗಿನ ಅಂಕಿಗಳೆಲ್ಲವೂ ಉದಾಹರಣೆಗಾಗಿ ಇಟ್ಟುಕೊಂಡವು.

ಮೊದಲ ಹಂತದ ಲೆಕ್ಕ ಕಠಿಣವೇನಲ್ಲ. ಎಕ್ಸೆಲ್ ಹಾಳೆಯ A ಕಾಲಂನಲ್ಲಿ ಬಿಲ್ಲಿನ ದಿನಾಂಕ, B ಕಾಲಂನಲ್ಲಿ ಖಾತೆ ಸಂಖ್ಯೆ, C ಕಾಲಂನಲ್ಲಿ ಮೊತ್ತ ಇದ್ದು, H2 ಕೋಶದಲ್ಲಿ ನಮಗೆ ಬೇಕಾದ ಖಾತೆಯ ಸಂಖ್ಯೆ ಇದ್ದರೆ, ಕೊನೆಯ ಖರೀದಿಯ ದಿನಾಂಕ, ಖರೀದಿಯ ಸಲ ಮತ್ತು ಒಟ್ಟು ಮೊತ್ತ ಕ್ರಮವಾಗಿ ಹೀಗೆ ದೊರೆಯುತ್ತವೆ:

```
=MAXIFS(A:A,B:B,H2)
=COUNTIFS(B:B,H2)
=SUMIFS(C:C,B:B,H2)
```

ಇದಕ್ಕೆ ಮುಂಚೆ ಎರಡು ಶುದ್ಧೀಕರಣಗಳು ಅವಶ್ಯ. ಮರಳಿ ಬಂದ ಸರಕಿನ ಬಿಲ್ಲುಗಳನ್ನು ಕಳೆಯಬೇಕು. ಒಂದೇ ಮನೆಯ ತಂದೆ ಮತ್ತು ಮಕ್ಕಳ ಹೆಸರಿನಲ್ಲಿ ಬೇರೆ ಬೇರೆ ಖಾತೆಗಳಿದ್ದು ಜಮೀನು ಹಾಗೂ ಲೆಕ್ಕ ಒಂದೇ ಆಗಿದ್ದರೆ ಅವುಗಳನ್ನು ಕೂಡಿಸಬೇಕು. ಇಲ್ಲವಾದರೆ ಅಂಗಡಿಯ ಅತಿ ದೊಡ್ಡ ಮನೆತನವೇ ಮೂರು ಸಣ್ಣ ಗ್ರಾಹಕರಾಗಿ ಒಡೆದು ಕಾಣುತ್ತದೆ.

ಈಗ ಮೂರು ಖಾತೆಗಳನ್ನು ನೋಡೋಣ. ಮೊದಲನೆಯದು ದಂಡೆಯ ಕಬ್ಬು ಬೆಳೆಗಾರನದು. ಮೂರು ವರ್ಷಗಳಲ್ಲಿ 66 ಬಿಲ್ಲು, ಕೊನೆಯ ಖರೀದಿ 2025ರ ಮಾರ್ಚ್ 12. ಎರಡನೆಯದು ತೊಗರಿ ಬೆಳೆಗಾರನದು. 15 ಬಿಲ್ಲು, ಕೊನೆಯ ಖರೀದಿ 2024ರ ನವೆಂಬರ್ 18. ಮೂರನೆಯದೂ ತೊಗರಿಯವನದೇ. 10 ಬಿಲ್ಲು, ಕೊನೆಯ ಖರೀದಿ 2023ರ ನವೆಂಬರ್. ಮಾರ್ಚ್ 31ರಂದು ಪುಸ್ತಕದ ಕ್ರಮದಲ್ಲಿ ಅಂಕ ಹಾಕಿದರೆ ಮೊದಲನೆಯವನಿಗೆ 5-5-5, ಎರಡನೆಯವನಿಗೆ 2-3-3, ಮೂರನೆಯವನಿಗೆ 1-2-2 ಬಂದಿತೆಂದುಕೊಳ್ಳಿ. ಆಗ ಮೊದಲನೆಯವನು ‘ಉತ್ತಮ ಗ್ರಾಹಕ’ನಾಗಿ ಬಹುಮಾನಕ್ಕೆ ಅರ್ಹನಾಗುತ್ತಾನೆ. ಉಳಿದಿಬ್ಬರೂ ‘ಕೈ ಜಾರುತ್ತಿರುವವರ’ ಪಟ್ಟಿ ಸೇರಿ, ಇಬ್ಬರಿಗೂ ಒಂದೇ ರಿಯಾಯಿತಿ ಹೋಗುತ್ತದೆ.

ಎರಡನೆಯವನು ಕೈ ಜಾರಿದ್ದಾನೆಯೇ? ತೊಗರಿಯ ಬಿತ್ತನೆ ಜೂನ್-ಜುಲೈನಲ್ಲಿ. ಹೂವಾಡುವ ಅಕ್ಟೋಬರ್-ನವೆಂಬರ್‌ನಲ್ಲಿ ಕಾಯಿಕೊರಕ ಹುಳುವಿಗೆ ಸಿಂಪರಣೆ. ಡಿಸೆಂಬರ್-ಜನವರಿಯಲ್ಲಿ ರಾಶಿ. ಅದಾದ ಮೇಲೆ ಅವನಿಗೆ ಅಂಗಡಿಯಿಂದ ಬೇಕಾದುದು ಏನೂ ಇರುವುದಿಲ್ಲ. ಮಾರ್ಚ್ 31ಕ್ಕೆ ಕಾಣುವ 133 ದಿನಗಳ ಮೌನವು ಬೆಳೆಯ ಮೌನವೇ ಹೊರತು ಗ್ರಾಹಕನದಲ್ಲ. ಆದಕಾರಣ ಇಂತಹ ವ್ಯಾಪಾರದಲ್ಲಿ ಕೊನೆಯ ಖರೀದಿಯನ್ನು ದಿನಗಳಲ್ಲಿ ಎಣಿಸದೆ ಹಂಗಾಮುಗಳಲ್ಲಿ ಎಣಿಸತಕ್ಕದ್ದು. ಕಳೆದ ಮುಂಗಾರಿನಲ್ಲಿ ಬಂದವನಿಗೆ 5, ಒಂದು ಮುಂಗಾರು ತಪ್ಪಿಸಿದವನಿಗೆ 3, ಎರಡು ತಪ್ಪಿಸಿದವನಿಗೆ 1. ಈ ಅಳತೆಯಲ್ಲಿ ಎರಡನೆಯವನಿಗೆ ಪೂರ್ಣ 5 ಸಿಗುತ್ತದೆ. ಮೂರನೆಯವನು 3ಕ್ಕೆ ನಿಲ್ಲುತ್ತಾನೆ. ಅವರಿಬ್ಬರ ನಡುವಿನ ನಿಜವಾದ ಅಂತರ ಆಗ ಮಾತ್ರ ಕಾಣುತ್ತದೆ.

ಖರೀದಿಯ ಸಲವೂ ಇದೇ ರೀತಿ ಮೋಸ ಮಾಡುತ್ತದೆ. ಕಬ್ಬಿಗೆ ವರ್ಷವಿಡೀ ಒಂದಿಲ್ಲೊಂದು ಸರಕು ಬೇಕು. ತೊಗರಿಗೆ ನಾಲ್ಕೈದು ಸಲ ಸಾಕು. 66 ಮತ್ತು 15 ಎಂಬ ಸಂಖ್ಯೆಗಳು ಬೆಳೆಯನ್ನು ತಿಳಿಸುತ್ತವೆಯೇ ವಿನಾ ನಿಷ್ಠೆಯನ್ನಲ್ಲ. ಮೇಲಾಗಿ ಐದು ಬಿಲ್ಲು ಮಾಡಿದವರು ಎಂಬತ್ತು ಮಂದಿ ಇದ್ದಲ್ಲಿ, 60-60ರ ಪಾಲು ಮಾಡುವಾಗ ಅವರಲ್ಲಿ ಕೆಲವರಿಗೆ 3, ಕೆಲವರಿಗೆ 2 ಬೀಳುತ್ತದೆ. ಗಣಕವು ಹೆಸರಿನ ಅಕ್ಷರಕ್ರಮದಲ್ಲಿ ಗೆರೆ ಎಳೆದಂತಾಗುತ್ತದೆ. ಸಣ್ಣ ಅಂಗಡಿಗೆ ಸಮಪಾಲಿಗಿಂತ ನಿಶ್ಚಿತ ಮಿತಿಗಳೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ತೊಗರಿಯವನ ನಿಷ್ಠೆಯನ್ನು ಅಳೆಯುವುದು ಹೇಗೆ? ಬೆಳೆಯಲ್ಲಿ ಬೀಜ, ಕಳೆ ನಿವಾರಣೆ, ಸಿಂಪರಣೆ ಎಂಬ ಮೂರು ಘಟ್ಟಗಳಿವೆ. ಅವುಗಳಲ್ಲಿ ಎಷ್ಟು ನಮ್ಮ ಅಂಗಡಿಯಿಂದ ನೆರವೇರಿದವು ಎಂದು ಎಣಿಸುವುದು ಬಿಲ್ಲುಗಳ ಸಂಖ್ಯೆಗಿಂತ ಹೆಚ್ಚು ಉಪಯುಕ್ತ. ಬೀಜವನ್ನು ನಮ್ಮಲ್ಲಿ ಒಯ್ದು ಸಿಂಪರಣೆಯ ಔಷಧಕ್ಕೆ ಬಾರದವನು, ಒಂದೋ ಸಿಂಪರಣೆಯನ್ನೇ ಬಿಟ್ಟಿದ್ದಾನೆ, ಇಲ್ಲವೇ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ್ದಾನೆ. ಎರಡನೆಯ ಖಾತೆಯಲ್ಲಿ ಮೂರು ಮುಂಗಾರುಗಳಲ್ಲಿಯೂ ಮೂರು ಘಟ್ಟಗಳು ಪೂರ್ಣ. ಮೂರನೆಯ ಖಾತೆಯಲ್ಲಿ 2022ರಲ್ಲಿ ಪೂರ್ಣ, 2023ರಲ್ಲಿ ಬೀಜ ಮತ್ತು ಒಂದೇ ಸಿಂಪರಣೆ, 2024ರಲ್ಲಿ ಏನೂ ಇಲ್ಲ.

ಮೂರನೆಯವನು ಹೋದದ್ದು ಅಂಗಡಿಯ ಕಾರಣದಿಂದಲೋ, ಮಳೆಯ ಕಾರಣದಿಂದಲೋ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷದಲ್ಲಿ ಒಂದು ಸಿಂಪರಣೆ ಕಡಿಮೆಯಾದುದರಿಂದ ಯಾವ ತೀರ್ಮಾನಕ್ಕೂ ಬರಲಾಗದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಬಂದಾಗ ದಂಡೆಯ ಖಾತೆಗಳಲ್ಲಿಯೂ ಇಂತಹುದೇ ಕುಸಿತವನ್ನು ನಿರೀಕ್ಷಿಸಬೇಕಾಗಿತ್ತು. ಇದಕ್ಕೆ ಪರೀಕ್ಷೆ ಸರಳವಾಗಿದೆ: ಅದೇ ಊರಿನ, ಅದೇ ಬೆಳೆಯ ಇತರ ಖಾತೆಗಳನ್ನು ಪಕ್ಕದಲ್ಲಿಟ್ಟು ನೋಡುವುದು. ಎಲ್ಲರೂ ಒಟ್ಟಿಗೆ ಇಳಿದಿದ್ದರೆ ಕಾರಣ ಆಕಾಶದಲ್ಲಿದೆ, ರಿಯಾಯಿತಿಯಿಂದ ಅದು ಸರಿಹೋಗದು. 2024ರಲ್ಲಿ ನೆರೆಯವರೆಲ್ಲ ಮರಳಿ ಬಂದು ಇವನೊಬ್ಬನೇ ಬಾರದಿದ್ದರೆ, ಆಗ ಇವನನ್ನು ನಿಜವಾಗಿ ಕಳೆದುಕೊಂಡಿದ್ದೇವೆ.

ಇನ್ನು ಹಣದ ಅಂಕ. ಲೆಕ್ಕಪರಿಶೋಧಕನಾಗಿ ನಾನು ಹೆಚ್ಚು ಒತ್ತು ಕೊಡುವುದು ಇದಕ್ಕೇ. ಕಳೆದ ಒಂದು ವರ್ಷದಲ್ಲಿ ಕಬ್ಬಿನವನ ಖರೀದಿ ರೂ. 1,40,000. ಅದರಲ್ಲಿ ರೂ. 96,000 ಸಬ್ಸಿಡಿ ಗೊಬ್ಬರ, ಉಳಿದ ರೂ. 44,000 ಇತರ ಸರಕು. ಗೊಬ್ಬರದಲ್ಲಿ ಉಳಿತಾಯ ಶೇ. 2, ಇತರ ಸರಕಿನಲ್ಲಿ ಶೇ. 10 ಎಂದುಕೊಂಡರೆ ಲಾಭ ರೂ. 1,920 ಮತ್ತು ರೂ. 4,400, ಒಟ್ಟು ರೂ. 6,320. ಆದರೆ ಅವನ ಉದ್ರಿ ಬಾಕಿ ಸರಾಸರಿ ರೂ. 60,000ದಂತೆ ಎಂಟು ತಿಂಗಳು ನಿಂತಿದೆ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಬಡ್ಡಿ ಶೇ. 12 ಆದರೆ ಅದರ ಹೊರೆ ರೂ. 4,800. ಕೈಗೆ ಉಳಿದದ್ದು ರೂ. 1,520.

ತೊಗರಿಯವನ ಖರೀದಿ ಕೇವಲ ರೂ. 38,000. ಗೊಬ್ಬರ ರೂ. 8,000, ಇತರ ಸರಕು ರೂ. 30,000. ಲಾಭ ರೂ. 160 ಮತ್ತು ರೂ. 3,000, ಒಟ್ಟು ರೂ. 3,160. ಬಿತ್ತನೆಯ ಕಾಲದ ರೂ. 12,000ವನ್ನು ಮಾತ್ರ ಉದ್ರಿ ಒಯ್ದು, ರಾಶಿ ಮಾರಿದ ಮೇಲೆ ಏಳು ತಿಂಗಳಿಗೆ ತೀರಿಸಿದ್ದಾನೆ. ಬಡ್ಡಿ ರೂ. 840. ಉಳಿದದ್ದು ರೂ. 2,320. ಬಿಲ್ಲಿನ ಮೊತ್ತದಲ್ಲಿ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚಿರುವ ಈತನು ಲಾಭದಲ್ಲಿ 5-5-5ರವನನ್ನು ಮೀರಿಸುತ್ತಾನೆ. ಹಣದ ಅಂಕವನ್ನು ಮಾರಾಟದ ಮೇಲೆ ಹಾಕದೆ, ಬಡ್ಡಿ ಕಳೆದ ಲಾಭದ ಮೇಲೆ ಹಾಕಬೇಕೆನ್ನುವುದು ಈ ಕಾರಣಕ್ಕಾಗಿ.

ಕೊಡುಗೆಗಳೂ ಇದರಂತೆಯೇ ಬದಲಾಗುತ್ತವೆ. ಕಬ್ಬಿನವನಿಗೆ ಬೆಲೆಯಲ್ಲಿ ರಿಯಾಯಿತಿ ಕೊಟ್ಟರೆ ಉಳಿದ ಲಾಭವೂ ಹೋಗುತ್ತದೆ. ಅವನಿಗೆ ಸಲ್ಲುವುದು ಬೇಗ ಹಣ ಕೊಟ್ಟರೆ ಮಾತ್ರ ದೊರೆಯುವ ಸೋಡಿ. ತೊಗರಿಯವನು ಹೇಗೂ ಬರುವವನು. ಅವನಿಗೆ ಬೇಕಾದ ತಳಿಯ ಬೀಜವನ್ನು ಮುಂಚಿತವಾಗಿ ಕಾಯ್ದಿರಿಸುವ ಸೌಲಭ್ಯ ಸಾಕು. ಬೆಲೆಯ ರಿಯಾಯಿತಿಯನ್ನು ಮೂರನೆಯವನಂತಹವರಿಗೆ ಮೀಸಲಿಡಬಹುದು, ಅದೂ ಪರೀಕ್ಷಿಸಿ.

ಅಂತಹ ಖಾತೆಗಳು 40 ಇವೆಯೆನ್ನೋಣ. ಚೀಟಿ ಎತ್ತಿ 20 ಮಂದಿಗೆ ರೂ. 200ರ ಕೊಡುಗೆ, ಉಳಿದ 20 ಮಂದಿಗೆ ಏನೂ ಇಲ್ಲ. ಕೊಡುಗೆ ಪಡೆದವರಲ್ಲಿ 7 ಮಂದಿ, ಪಡೆಯದವರಲ್ಲಿ 4 ಮಂದಿ ಮರಳಿದರೆ, ಕೊಡುಗೆಯಿಂದ ಬಂದವರು 3 ಮಂದಿಯೇ ಹೊರತು 7 ಅಲ್ಲ. ರೂ. 1,400 ವೆಚ್ಚ ಮೂವರಿಗೆ ಹಂಚಿಹೋಗಿ ತಲೆಗೆ ಸುಮಾರು ರೂ. 467 ಬಿದ್ದಿತು. ವರ್ಷಕ್ಕೆ ಎರಡು ಸಾವಿರದ ಲಾಭ ತರುವ ಖಾತೆಗೆ ಇದು ದುಬಾರಿಯಲ್ಲ. ಆದರೆ 20ರಲ್ಲಿ 7 ಮತ್ತು 4ರ ಅಂತರ ಕೇವಲ ಆಕಸ್ಮಿಕವೂ ಇರಬಹುದು. ಎರಡು ಹಂಗಾಮು ಇದೇ ಫಲ ಬಂದರೆ ಮಾತ್ರ ನಂಬತಕ್ಕದ್ದು.

ಕಾಯಿದೆಯ ಕೆಲವು ಎಚ್ಚರಿಕೆಗಳಿವೆ. ಜಿಎಸ್‌ಟಿ ಕಾಯಿದೆಯ 15(3)ನೇ ಕಲಮಿನಂತೆ, ಮಾರಾಟದ ವೇಳೆಯಲ್ಲಿಯೇ ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯು ತೆರಿಗೆಯ ಮೌಲ್ಯದಿಂದ ಹೊರಗುಳಿಯುತ್ತದೆ. ಆದುದರಿಂದ ಕೊಡುಗೆಯನ್ನು ಬಿಲ್ಲಿನಲ್ಲಿಯೇ ಕಳೆಯುವುದು ಲೇಸು. ಸಬ್ಸಿಡಿ ಗೊಬ್ಬರದೊಂದಿಗೆ ಬೇರೆ ಸರಕನ್ನು ಗಂಟು ಹಾಕುವ ಯಾವ ಯೋಜನೆಯೂ ಬೇಡ. ಗೊಬ್ಬರದ ಪಿಒಎಸ್ ಯಂತ್ರದಲ್ಲಿ ರೈತರು ಕೊಡುವ ಆಧಾರ್ ವಿವರಗಳನ್ನು ಈ ಪಟ್ಟಿಗೆ ಬಳಸಕೂಡದು. ಅಂಗಡಿಯ ಸ್ವಂತ ಬಿಲ್ಲುಗಳೇ ಸಾಕು. ಸಾಮೂಹಿಕ ಸಂದೇಶ ಕಳುಹಿಸುವವರು ಟ್ರಾಯ್ ಸಂಸ್ಥೆಯ 2018ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. 40 ಮಂದಿಗಾದರೆ ಅಂಗಡಿಯ ಮಾಲೀಕರೇ ದೂರವಾಣಿಯಲ್ಲಿ ಮಾತನಾಡಿ, ಬಾರದ ಕಾರಣ ಕೇಳಿಕೊಳ್ಳುವುದು ಹೆಚ್ಚು ಫಲಕಾರಿ.

ಈ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಸಿದ್ಧಪಡಿಸಿದರೆ ಸಾಕಾಗುತ್ತದೆ: ಬೀಜದ ವ್ಯಾಪಾರಕ್ಕಾಗಿ ಮೇ ಕೊನೆಯ ರೋಹಿಣಿ ಮಳೆಗಿಂತ ಮುಂಚೆ, ಸಿಂಪರಣೆಯ ವ್ಯಾಪಾರಕ್ಕಾಗಿ ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರಿನ ಪಟ್ಟಿಯಲ್ಲಿ ನೋಡಬೇಕಾದವರು, ಜೂನ್‌ನಲ್ಲಿ ಬೀಜ ಒಯ್ದು ಹೋದ ವರ್ಷ ಔಷಧಕ್ಕೆ ಬಾರದವರು.