ಗ್ಲೈಸಿನ್ ಬಿಟ್ಟುಕೊಡುವ ಎರಡು ಪ್ರೋಟಾನ್

ನಮ್ಮ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಗ್ಲೈಸಿನ್. ಅದರ ಒಂದು ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪಿದೆ, ಇನ್ನೊಂದು ತುದಿಯಲ್ಲಿ ಅಮೈನೋ ಗುಂಪು. ಎರಡೂ ಪ್ರೋಟಾನನ್ನು ಹಿಡಿದಿಟ್ಟುಕೊಳ್ಳಬಲ್ಲವು, ಆದರೆ ಹಿಡಿತದ ಬಿಗಿ ಬೇರೆ ಬೇರೆ. ಆ ಬಿಗಿಯನ್ನು ಹೇಳುವ ಸಂಖ್ಯೆಯೇ ಪಿಕೆಎ. ಒಂದು ಗುಂಪು ಅರ್ಧದಷ್ಟು ಅಣುಗಳಲ್ಲಿ ಪ್ರೋಟಾನ್ ಬಿಟ್ಟುಕೊಟ್ಟು, ಇನ್ನರ್ಧದಲ್ಲಿ ಹಿಡಿದುಕೊಂಡೇ ಇರುವಾಗಿನ ಪಿಎಚ್ ಅದು.

ಇದನ್ನು ಕಂಡುಹಿಡಿಯಲು ಬ್ಯೂರೆಟ್, ಪಿಎಚ್ ಮೀಟರ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಸಾಕು. ಆದರೆ ಶುರುವಿನಲ್ಲೇ ಒಂದು ಎಚ್ಚರ ಬೇಕು. ಗ್ಲೈಸಿನ್ ಪುಡಿಯನ್ನು ಬರೀ ನೀರಿನಲ್ಲಿ ಕರಗಿಸಿದರೆ ದ್ರಾವಣದ ಪಿಎಚ್ 6ರ ಸುಮಾರಿಗೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕಾರ್ಬಾಕ್ಸಿಲ್ ಗುಂಪು ತನ್ನ ಪ್ರೋಟಾನನ್ನು ಆಗಲೇ ಕಳೆದುಕೊಂಡಿರುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಕ್ಷಾರ ಸುರಿದರೂ ಮೊದಲ ಪಿಕೆಎ ಕಾಣುವುದಿಲ್ಲ. ಅದಕ್ಕೇ ಗ್ಲೈಸಿನ್ ಹೈಡ್ರೋಕ್ಲೋರೈಡ್ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಎರಡೂ ಪ್ರೋಟಾನುಗಳು ಇದ್ದಲ್ಲೇ ಇರುತ್ತವೆ.

0.1 ಮೋಲಾರ್ ಸಾಂದ್ರತೆಯ ಇಂಥ ದ್ರಾವಣ 20 ಮಿಲಿಲೀಟರ್ ಬೀಕರಿನಲ್ಲಿದೆ, ಬ್ಯೂರೆಟ್ಟಿನಲ್ಲಿ ಅಷ್ಟೇ ಸಾಂದ್ರತೆಯ ಕ್ಷಾರವಿದೆ ಎಂದುಕೊಳ್ಳೋಣ. ಶುರುವಿನ ಪಿಎಚ್ ಸುಮಾರು 1.7. ಸ್ವಲ್ಪ ಸ್ವಲ್ಪವೇ ಕ್ಷಾರ ಬಿಟ್ಟು, ಪ್ರತಿ ಸಲವೂ ಮೀಟರಿನ ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. ಸುರಿದ ಕ್ಷಾರವನ್ನು ಅಡ್ಡಕ್ಕೂ ಪಿಎಚ್ಚನ್ನು ಉದ್ದಕ್ಕೂ ಇಟ್ಟು ಗ್ರಾಫ್ ಎಳೆದರೆ, ರೇಖೆ ನಿಧಾನವಾಗಿ ಏರಿ, ನಡುವೆ ನೆಟ್ಟಗೆ ನೆಗೆದು, ಮತ್ತೆ ನಿಧಾನವಾಗುತ್ತದೆ.

ಆ ನೆಗೆತ ಬರುವುದು 20 ಮಿಲಿಲೀಟರಿನಲ್ಲಿ. 19ರಲ್ಲಿ ಸುಮಾರು 3.7 ಇದ್ದ ಪಿಎಚ್ 21ಕ್ಕೆ 8.3 ದಾಟುತ್ತದೆ. ಕಾರ್ಬಾಕ್ಸಿಲ್‌ನ ಪ್ರೋಟಾನುಗಳು ಮುಗಿದವು, ಅಮೈನೋ ಗುಂಪಿನವು ಇನ್ನೂ ಹೊರಡಲಿಲ್ಲ ಎಂಬುದಕ್ಕೆ ಇದೇ ಗುರುತು. ಇಡೀ ರೇಖೆಯಲ್ಲಿ ಇಷ್ಟು ಖಚಿತವಾಗಿ ಗುರುತಿಸಬಹುದಾದ ಜಾಗ ಇದೊಂದೇ. ಹಾಗಾಗಿ ಉಳಿದ ಲೆಕ್ಕವನ್ನೆಲ್ಲ ಇಲ್ಲಿಂದಲೇ ಶುರು ಮಾಡುವುದು ಜಾಣತನ. ಇದರ ಅರ್ಧ, ಅಂದರೆ 10 ಮಿಲಿಲೀಟರಿನಲ್ಲಿ ಮೊದಲ ಪಿಕೆಎ. ಇದರ ಒಂದೂವರೆ ಪಟ್ಟು, ಅಂದರೆ 30 ಮಿಲಿಲೀಟರಿನಲ್ಲಿ ಎರಡನೆಯದು, ಸುಮಾರು 9.6.

ಎರಡನೆಯ ನೆಗೆತವನ್ನು 40 ಮಿಲಿಲೀಟರಿನಲ್ಲಿ ಹುಡುಕಿದರೆ ನಿರಾಸೆಯೇ. ಅಲ್ಲಿ ಪಿಎಚ್ ಆಗಲೇ 11 ದಾಟಿರುತ್ತದೆ. ಇನ್ನಷ್ಟು ಕ್ಷಾರ ಬಿದ್ದರೂ ಮೇಲೇರಲು ಹೆಚ್ಚು ಜಾಗವಿಲ್ಲ. 1909ರಲ್ಲಿ ಪಿಎಚ್ ಮಾಪಕವನ್ನು ಕೊಟ್ಟ ಡೆನ್ಮಾರ್ಕಿನ ಸೋರೆನ್ಸೆನ್ ಈ ತೊಡಕಿಗೆ ಸೊಗಸಾದ ಉಪಾಯ ಕಂಡುಕೊಂಡಿದ್ದರು. ಫಾರ್ಮಾಲ್ಡಿಹೈಡ್ ಬೆರೆಸಿದರೆ ಅದು ಅಮೈನೋ ಗುಂಪಿಗೆ ಅಂಟಿಕೊಂಡು ಪ್ರೋಟಾನಿನ ಹಿಡಿತವನ್ನು ಸಡಿಲಿಸುತ್ತದೆ. ಆಗ ಕೊನೆಯ ಬಿಂದು ಸ್ಪಷ್ಟವಾಗುತ್ತದೆ.

ರೇಖೆ ಬಹುತೇಕ ಮಲಗಿದಂತಿರುವ ಭಾಗಗಳೇ ಬಫರ್ ವಲಯಗಳು. 29ರಿಂದ 31 ಮಿಲಿಲೀಟರಿಗೆ ಹೋಗುವಾಗ ಪಿಎಚ್ ಏರುವುದು 0.2ಕ್ಕಿಂತಲೂ ಕಡಿಮೆ. ಅಷ್ಟೇ ಕ್ಷಾರ 20ರ ಆಸುಪಾಸಿನಲ್ಲಿ ನಾಲ್ಕೂವರೆಗೂ ಹೆಚ್ಚು ಏರಿಸಿತ್ತು. ಪ್ರೋಟಾನ್ ಇರುವ ಅಣುಗಳೂ ಇಲ್ಲದವೂ ಸಮಸಮವಾಗಿದ್ದಾಗ, ಬಂದ ಕ್ಷಾರವನ್ನು ಮೊದಲನೆಯವು ನುಂಗುತ್ತವೆ, ಆಮ್ಲ ಬಂದರೆ ಎರಡನೆಯವು. ಪಿಕೆಎಯಿಂದ ಒಂದು ಅಂಕಿ ಆಚೀಚೆ ಹೋಗುವವರೆಗೂ ಈ ಗುಣ ಉಪಯೋಗಕ್ಕೆ ಬರುವಷ್ಟು ಉಳಿಯುತ್ತದೆ. ಎರಡೂ ವಿದ್ಯುದಾವೇಶ ಹೊತ್ತ ಗ್ಲೈಸಿನ್, 6ರ ಹತ್ತಿರ, ಒಳ್ಳೆಯ ಬಫರ್ ಎಂದು ಎಷ್ಟೋ ವಿದ್ಯಾರ್ಥಿಗಳು ನಂಬಿರುತ್ತಾರೆ. ನಿಜಕ್ಕೂ ಅದು ಅಲ್ಲಿಯೇ ತೀರಾ ದುರ್ಬಲ. ರಕ್ತದ 7.4ರಲ್ಲೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆ ಕೆಲಸಕ್ಕೆ ಪಕ್ಕದ ಸರಪಳಿಯ ಪಿಕೆಎ 6ರ ಸುಮಾರಿಗಿರುವ ಹಿಸ್ಟಿಡಿನ್ ಹತ್ತಿರದ್ದು. ಪ್ರಯೋಗಾಲಯಗಳಲ್ಲಿ ಪ್ರತಿಕಾಯಗಳನ್ನು ಶುದ್ಧೀಕರಿಸುವಾಗ, ಕಾಲಮ್ಮಿಗೆ ಅಂಟಿದ ಅವನ್ನು ಬಿಡಿಸಲು ಗ್ಲೈಸಿನ್ ಬಫರನ್ನು 3ಕ್ಕಿಂತ ಕೆಳಗಿನ ಪಿಎಚ್‌ನಲ್ಲಿ ಬಳಸುವುದು, ರೇಖೆಯ ಮೊದಲ ಮಲಗಿದ ಭಾಗವನ್ನು ನೆಚ್ಚಿಕೊಂಡೇ.

ಮೊದಲ ಪಿಕೆಎಯನ್ನು ಓದುವಾಗ ಒಂದು ತಿದ್ದುಪಡಿ ಬೇಕು. ಪುಸ್ತಕಗಳು 2.34 ಎನ್ನುತ್ತವೆ, 10 ಮಿಲಿಲೀಟರಿನಲ್ಲಿ ಮೀಟರು ತೋರಿಸುವುದು ಸುಮಾರು 2.44. ಮೀಟರು ಕೆಟ್ಟಿಲ್ಲ. ಇಷ್ಟು ಆಮ್ಲೀಯ ದ್ರಾವಣದಲ್ಲಿ ಗ್ಲೈಸಿನ್ ಕ್ಷಾರಕ್ಕೆ ಕಾಯದೆ ತಾನಾಗಿಯೇ ಒಂದಷ್ಟು ಪ್ರೋಟಾನ್ ಬಿಟ್ಟಿರುತ್ತದೆ. ಹೀಗಾಗಿ 10ರಲ್ಲಿ ಎರಡು ರೂಪಗಳೂ ಸಮವಾಗಿರುವುದಿಲ್ಲ, ಪ್ರೋಟಾನ್ ಕಳೆದುಕೊಂಡದ್ದೇ ಹೆಚ್ಚು. ಆ ಬಿಡಿ ಪ್ರೋಟಾನುಗಳನ್ನು ಲೆಕ್ಕಕ್ಕೆ ಸೇರಿಸಿದರೆ 2.34 ಸಿಗುತ್ತದೆ. ಎರಡನೆಯ ಪಿಕೆಎಗೆ ಈ ತೊಂದರೆಯಿಲ್ಲ, ಆದರೆ ಅಲ್ಲಿ ಬೇರೆಯದೊಂದಿದೆ: ಹಳೆಯ ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೋನೇಟ್ ಆಗಿರುತ್ತದೆ. ಕಾರ್ಬೋನೇಟಿಗೂ 10.3ರ ಹತ್ತಿರ ತನ್ನದೇ ಬಫರ್ ವಲಯವಿದೆ. ಅದು ಗ್ಲೈಸಿನ್ನಿನದರ ಮೇಲೆ ಬಂದು ಕೂರುತ್ತದೆ. ನಡುವಿನ ನೆಗೆತ ಮೊಂಡಾಗಿ 6ರ ಆಸುಪಾಸಿನಲ್ಲಿ ರೇಖೆ ವಾಲಿದಂತೆ ಕಂಡರೆ ಕ್ಷಾರವನ್ನು ಹೊಸದಾಗಿ ತಯಾರಿಸಿ, ಅದರ ಸಾಂದ್ರತೆಯನ್ನು ಮತ್ತೆ ಅಳೆದುಕೊಳ್ಳಬೇಕು.